ಟಿವಿಗೆ ವೈಫೈ ಸಿಕ್ಕಿದೆ, ಇಂಟರ್ನೆಟ್ ಸಿಕ್ಕಿಲ್ಲ

ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನನ್ನ ಅಕ್ಕನ ಮಗ ಬೆಂಗಳೂರಿನ ತನ್ನ ಪಿಜಿಯಿಂದ ಫೋನ್ ಮಾಡಿದ. ರೂಮಿನ ನಾಲ್ಕು ಹುಡುಗರು ಸೇರಿ ದುಡ್ಡು ಹಾಕಿ 32 ಇಂಚಿನ ಗೂಗಲ್ ಟಿವಿಯೊಂದನ್ನು ತಂದಿದ್ದರು. "ಮಾಮ, ಟಿವಿಗೆ ವೈಫೈ ಕನೆಕ್ಟ್ ಆಗಿದೆ ಅಂತಲೇ ತೋರಿಸ್ತಿದೆ. ಆದ್ರೆ ಯೂಟ್ಯೂಬ್ ಓಪನ್ ಆಗ್ತಿಲ್ಲ. ನನ್ನ ಫೋನಲ್ಲಿ ಅದೇ ವೈಫೈ ಚೆನ್ನಾಗಿ ಬರ್ತಿದೆ. ಟಿವಿನೇ ಸರಿ ಇಲ್ವಾ? ವಾಪಸ್ ಕೊಟ್ಟುಬಿಡೋಣ್ವಾ?" ಎಂದು ಕೇಳಿದ.

"ವಾಪಸ್ ಕೊಡಬೇಡ. ಟಿವಿ ಸರಿಯಾಗೇ ಇದೆ. ಸಂಜೆ ಬರ್ತೀನಿ" ಎಂದೆ. ಕಾಲೇಜೊಂದರ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು ನಾನು. ಹಾಸ್ಟೆಲ್ ಮಕ್ಕಳು ಇದೇ ದೂರನ್ನು ಹೊತ್ತು ನನ್ನ ಮೇಜಿನ ಮುಂದೆ ನಿಂತದ್ದು ಎಷ್ಟು ಸಲವೋ. ಮನೆಯಲ್ಲಿ ಪಾಸ್‌ವರ್ಡ್ ಹಾಕಿದ ಕೂಡಲೇ ಓಡುವ ಟಿವಿ, ಹಾಸ್ಟೆಲ್ಲಿಗೋ ಹೋಟೆಲ್ಲಿಗೋ ಹೋದಾಗ ಮುಷ್ಕರ ಹೂಡಿದಂತೆ ಕೂರುತ್ತದೆ. ಕಾರಣ ಟಿವಿಯಲ್ಲಿಲ್ಲ. ಅಲ್ಲಿನ ವೈಫೈ ಮನೆಯ ವೈಫೈಯಂತಲ್ಲ.

ಮನೆಯ ವೈಫೈಗೆ ಒಂದೇ ಬಾಗಿಲು. ಪಾಸ್‌ವರ್ಡ್ ಸರಿಯಿದ್ದರೆ ಒಳಗೆ ಬಂದಾಯಿತು, ಇಂಟರ್ನೆಟ್ ಸಿಕ್ಕಾಯಿತು. ಹಾಸ್ಟೆಲ್, ಲಾಡ್ಜ್, ಹೋಟೆಲ್, ವಿಮಾನ ನಿಲ್ದಾಣದ ವೈಫೈಗೆ ಎರಡು ಬಾಗಿಲು. ಮೊದಲನೆಯದು ಹೆಚ್ಚಾಗಿ ತೆರೆದೇ ಇರುತ್ತದೆ. ಯಾರು ಬೇಕಾದರೂ ಸೇರಿಕೊಳ್ಳಬಹುದು. ಎರಡನೆಯ ಬಾಗಿಲಲ್ಲಿ ಗೇಟ್‌ವೇ ಎಂಬ ಪೆಟ್ಟಿಗೆ ಕಾವಲು ನಿಂತಿರುತ್ತದೆ. ಅದು ಒಂದು ಲಾಗಿನ್ ಪುಟವನ್ನು ಮುಂದಿಟ್ಟು ಮೊಬೈಲ್ ನಂಬರು ಕೇಳುತ್ತದೆ, ಒಟಿಪಿ ಕಳಿಸುತ್ತದೆ. ಹೋಟೆಲಾದರೆ ರೂಮ್ ನಂಬರು ಮತ್ತು ಹೆಸರು ಕೇಳಬಹುದು. ಇದಕ್ಕೆ ಕ್ಯಾಪ್ಟಿವ್ ಪೋರ್ಟಲ್ ಎಂದು ಹೆಸರು. "ಕನೆಕ್ಟ್ ಆಗಿದೆ" ಎಂದು ಟಿವಿ ಹೇಳುವುದು ಮೊದಲ ಬಾಗಿಲ ಬಗ್ಗೆ. ಎರಡನೆಯ ಬಾಗಿಲ ಮುಂದೆ ಅದಿನ್ನೂ ನಿಂತೇ ಇದೆ.

ಫೋನಿಗೆ ಈ ತೊಂದರೆ ಇಲ್ಲ. ಅದು ವೈಫೈಗೆ ಸೇರಿದ ಕೂಡಲೇ ನಮಗೆ ಗೊತ್ತಾಗದಂತೆ ಒಂದು ಪರೀಕ್ಷೆ ಮಾಡುತ್ತದೆ. ಆಂಡ್ರಾಯ್ಡ್ ಫೋನಾದರೆ ಗೂಗಲ್‌ನ ಈ ವಿಳಾಸವನ್ನು ಕೇಳುತ್ತದೆ:

```
http://connectivitycheck.gstatic.com/generate_204
```

ಇಂಟರ್ನೆಟ್ ಸರಿಯಾಗಿದ್ದರೆ ಅಲ್ಲಿಂದ ಬರುವುದು 204 ಎಂಬ ಸಂಖ್ಯೆ ಹೊತ್ತ ಬರಿದಾದ ಉತ್ತರ. ಐಫೋನ್ ತನ್ನ ಕಂಪನಿಯ ಪುಟವೊಂದನ್ನು ಕೇಳುತ್ತದೆ, ಅದರಲ್ಲಿ Success ಎಂಬ ಒಂದು ಪದ ಇರಬೇಕು. ಹಾಸ್ಟೆಲ್ಲಿನ ಗೇಟ್‌ವೇ ಈ ಪ್ರಶ್ನೆಯನ್ನು ನಡುವೆಯೇ ಹಿಡಿದು ತನ್ನ ಲಾಗಿನ್ ಪುಟವನ್ನು ಉತ್ತರವಾಗಿ ಕೊಡುತ್ತದೆ. ಕೇಳಿದ್ದೊಂದು, ಬಂದದ್ದು ಇನ್ನೊಂದು. ಇಲ್ಲಿ ಲಾಗಿನ್ ಮಾಡಬೇಕು ಎಂದು ಫೋನಿಗೆ ತಿಳಿಯುವುದು ಹಾಗೆ. ಪುಟ ತಾನಾಗಿ ಪರದೆಯ ಮೇಲೆ ಬರುತ್ತದೆ. ಬಾರದಿದ್ದರೆ ಬ್ರೌಸರಿನಲ್ಲಿ neverssl.com ಎಂದು ಟೈಪ್ ಮಾಡಿ ನೋಡಬಹುದು. ಬ್ಯಾಂಕು, ಇಮೇಲ್ ಮುಂತಾದ ಬೀಗ ಹಾಕಿದ ತಾಣಗಳ ಮಾತುಕತೆಯ ನಡುವೆ ಗೇಟ್‌ವೇ ಕೈ ಹಾಕಲಾರದು. ಆ ತಾಣಕ್ಕೆ ಬೀಗವೇ ಇಲ್ಲ, ಈ ಕೆಲಸಕ್ಕೆಂದೇ ಹಾಗೆ ಬಿಟ್ಟಿದ್ದಾರೆ. ಫೋನಿನಲ್ಲಿ ವಿಪಿಎನ್ ಇದ್ದರೆ ಲಾಗಿನ್ ಮುಗಿಯುವವರೆಗೆ ಅದನ್ನು ಆರಿಸಿಡಬೇಕು.

ಫೋನು ಲಾಗಿನ್ ಆದರೂ ಟಿವಿ ಯಾಕೆ ಹೊರಗೇ ನಿಂತಿತು? ನಮ್ಮ ಹುಡುಗ ಕೇಳಿದ್ದೂ ಇದನ್ನೇ: "ನನ್ನ ನಂಬರು, ನನ್ನ ಒಟಿಪಿ. ಟಿವಿನೂ ನಂದೇ ಅಲ್ವಾ ಮಾಮ?"

ಗೇಟ್‌ವೇಗೆ ಮನುಷ್ಯರ ಪರಿಚಯವಿಲ್ಲ. ಅದು ಗುರುತು ಹಿಡಿಯುವುದು ಯಂತ್ರಗಳನ್ನು. ವೈಫೈ ಇರುವ ಪ್ರತಿ ಯಂತ್ರಕ್ಕೂ ಮ್ಯಾಕ್ ಅಡ್ರೆಸ್ ಎಂಬ 12 ಅಕ್ಷರಗಳ ಗುರುತು ಸಂಖ್ಯೆ ಇರುತ್ತದೆ. ನೀವು ಒಟಿಪಿ ಹಾಕಿದಾಗ ಗೇಟ್‌ವೇ ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುವುದು, "ಈ ಮ್ಯಾಕ್ ಇರುವ ಯಂತ್ರವನ್ನು ಇಷ್ಟು ಹೊತ್ತು ಬಿಡು" ಎಂದು. ಫೋನಿನ ಮ್ಯಾಕ್ ಪಟ್ಟಿಗೆ ಸೇರಿತು. ಟಿವಿಯದು ಸೇರಲಿಲ್ಲ. ಅಷ್ಟೇ ವಿಷಯ. ಇದು ಅರ್ಥವಾದರೆ ಮುಂದಿನ ಉಪಾಯಗಳೆಲ್ಲ ತಾವಾಗಿಯೇ ಹೊಳೆಯುತ್ತವೆ. ಒಂದೋ, ಟಿವಿಯ ಮ್ಯಾಕ್ ಆ ಪಟ್ಟಿಗೆ ಸೇರುವಂತೆ ಮಾಡಬೇಕು. ಇಲ್ಲವೇ, ಪಟ್ಟಿಯಲ್ಲಿ ಆಗಲೇ ಇರುವ ಫೋನಿನ ಬೆನ್ನ ಹಿಂದೆ ಟಿವಿಯನ್ನು ನಿಲ್ಲಿಸಬೇಕು. ಮೂರನೆಯ ದಾರಿ ಇಲ್ಲ.

ಪಿಜಿಯ ರೂಮಿನಲ್ಲಿ

ಸಂಜೆ ಹೋದೆ. ಟಿವಿಯ ಪರದೆಯಲ್ಲಿ ಪಿಜಿಯ ವೈಫೈ ಹೆಸರಿನ ಕೆಳಗೆ Connected, no internet ಎಂದಿತ್ತು. ಇದು ಒಳ್ಳೆಯ ಲಕ್ಷಣ. ಸಿಗ್ನಲ್ ಇದೆ, ಮೊದಲ ಬಾಗಿಲು ದಾಟಿದೆ ಎಂದರ್ಥ. ಪಟ್ಟಿಯಲ್ಲಿ ವೈಫೈ ಹೆಸರೇ ಕಾಣದಿದ್ದರೆ ಅದು ಬೇರೆ ಕತೆ. ಹಳೆಯ ಮತ್ತು ಅಗ್ಗದ ಕೆಲವು ಟಿವಿಗಳು 2.4 ಗಿಗಾಹರ್ಟ್ಸ್ ವೈಫೈಯನ್ನಷ್ಟೇ ಹಿಡಿಯುತ್ತವೆ. 5 ಗಿಗಾಹರ್ಟ್ಸ್‌ನದು ಅವುಗಳ ಕಣ್ಣಿಗೇ ಬೀಳುವುದಿಲ್ಲ.

ಇತ್ತೀಚಿನ ಗೂಗಲ್ ಟಿವಿಗಳೂ ಫೋನಿನಂತೆಯೇ ಆ ಪರೀಕ್ಷೆ ಮಾಡುತ್ತವೆ, ಲಾಗಿನ್ ಪುಟವನ್ನು ಪರದೆಯಲ್ಲಿ ತೆರೆಯಲು ನೋಡುತ್ತವೆ. ಹಾಗಾಗಿ ಮೊದಲು ಟಿವಿಯಿಂದಲೇ ಲಾಗಿನ್ ಮಾಡಿಸಲು ನೋಡಬೇಕು. ಪಿಜಿಯ ವೈಫೈಯನ್ನು ಒಮ್ಮೆ Forget ಮಾಡಿ ಮತ್ತೆ ಸೇರಿಸಿದೆ. ಪುಟ ತೆರೆಯುವಂತೆ ಮಾಡಿ, ಬಿಳಿಯಾಗಿ ನಿಂತುಬಿಟ್ಟಿತು. ಹುಡುಗರು ಬೆಳಿಗ್ಗೆಯಿಂದ ನೋಡುತ್ತಿದ್ದುದೂ ಈ ಬಿಳಿ ಪುಟವನ್ನೇ.

ಇಂಥಾ ಹೊತ್ತಿನಲ್ಲಿ ನಾನು ಮೊದಲು ನೋಡುವುದು ಗಡಿಯಾರವನ್ನು. ಟಿವಿಯ ಮೂಲೆಯಲ್ಲಿದ್ದ ಸಮಯ ಮಧ್ಯರಾತ್ರಿ ದಾಟಿದಂತಿತ್ತು, ನಾವು ನಿಂತಿದ್ದು ಸಂಜೆ ಆರಕ್ಕೆ. Settings ಒಳಗೆ ಹೋಗಿ ದಿನಾಂಕ ನೋಡಿದರೆ ಎಷ್ಟೋ ವರ್ಷ ಹಿಂದಿನದು. ಹಲವು ಟಿವಿಗಳು ಪ್ಲಗ್ ತೆಗೆದರೆ ಸಮಯ ಮರೆಯುತ್ತವೆ, ಮತ್ತೆ ಇಂಟರ್ನೆಟ್ ಸಿಕ್ಕಾಗ ಸರಿಮಾಡಿಕೊಳ್ಳುತ್ತವೆ. ಇಲ್ಲಿ ಇಂಟರ್ನೆಟ್ಟೇ ಇಲ್ಲ. ಪಿಜಿಯ ಲಾಗಿನ್ ಪುಟವೋ ಬೀಗ ಹಾಕಿದ ಪುಟ. ಅಂಥ ಪುಟಕ್ಕೊಂದು ಪ್ರಮಾಣಪತ್ರ ಇರುತ್ತದೆ, ಆ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಟಿವಿಯ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ಅದು ಪುಟವನ್ನು ನಂಬಲಿಲ್ಲ. ಸಮಯ ಸರಿಯಾಗಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಸಮಯ ಸರಿಯಿರಬೇಕು. ಈ ಗಂಟನ್ನು ಕೈಯಿಂದಲೇ ಬಿಚ್ಚಬೇಕು. Settings ಒಳಗೆ System, ಅದರೊಳಗೆ Date & time. ಅಲ್ಲಿ Automatic date & time ಆಫ್ ಮಾಡಿ ಆ ದಿನದ ತಾರೀಖು, ಸಮಯ ಹಾಕಿದೆ. ವೈಫೈಗೆ ಮತ್ತೆ ಸೇರಿಸಿದಾಗ ಲಾಗಿನ್ ಪುಟ ಬಣ್ಣಬಣ್ಣವಾಗಿ ಬಂತು.

ಮುಂದಿನ ಅಡ್ಡಿ ರಿಮೋಟಿನದು. ಮೊಬೈಲ್ ನಂಬರು ಹಾಕಿದೆವು. "ನಿಯಮಗಳಿಗೆ ಒಪ್ಪಿದ್ದೇನೆ" ಎಂಬ ಚೌಕಕ್ಕೆ ಟಿಕ್ ಹಾಕಬೇಕು. ರಿಮೋಟಿನ ಬಾಣದ ಗುಂಡಿಗಳನ್ನು ಎತ್ತ ಒತ್ತಿದರೂ ಆ ಚೌಕದ ಮೇಲೆ ನಿಲ್ಲುತ್ತಿಲ್ಲ. ಪುಟವನ್ನು ಬೆರಳಿಗೆಂದು ಮಾಡಿದ್ದಾರೆ, ಬಾಣಕ್ಕೆಂದು ಮಾಡಿಲ್ಲ. ಒಬ್ಬ ಹುಡುಗನ ಲ್ಯಾಪ್‌ಟಾಪಿನ ಯುಎಸ್‌ಬಿ ಮೌಸ್ ಕಿತ್ತು ಟಿವಿಯ ಹಿಂದೆ ಚುಚ್ಚಿದೆ. ಪರದೆಯ ಮೇಲೆ ಪುಟ್ಟ ಬಾಣ ಮೂಡಿತು. ಟಿಕ್ ಹಾಕುವುದು ಒಂದು ಕ್ಲಿಕ್ಕಿನ ಕೆಲಸವಾಯಿತು. ಟಿವಿಗೆ ಮೌಸ್ ಹಾಕಬಹುದು ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಹಾಸ್ಟೆಲ್ಲಿಗೆ ಟಿವಿ ಒಯ್ಯುವವರು ಸಾಧಾರಣ ಮೌಸ್ ಒಂದನ್ನು ಜೊತೆಗಿಟ್ಟುಕೊಂಡರೆ ಅರ್ಧ ಸಂಕಟ ತಪ್ಪುತ್ತದೆ.

ಒಟಿಪಿ ಕೇಳಿದಾಗ ಪುಟ ಹೇಳಿತು: ಈ ನಂಬರಿಗೆ ಆಗಲೇ ಎರಡು ಯಂತ್ರ ಇವೆ. ಹುಡುಗನ ಫೋನು ಒಂದು, ಲ್ಯಾಪ್‌ಟಾಪು ಒಂದು. ಆ ಪಿಜಿಯಲ್ಲಿ ಒಂದು ನಂಬರಿಗೆ ಎರಡೇ. ಲ್ಯಾಪ್‌ಟಾಪ್ ಇಲ್ಲದ ರೂಮ್‌ಮೇಟ್ ತನ್ನ ನಂಬರು ಕೊಟ್ಟ. ಒಟಿಪಿ ಅವನ ಫೋನಿಗೆ ಬಂತು, ಅದನ್ನು ಟಿವಿಯಲ್ಲಿ ಹಾಕಿದೆವು. ಇಲ್ಲಿ ಫೋನಿನ ಕೆಲಸ ಒಟಿಪಿ ಓದಿ ಹೇಳುವುದಷ್ಟೇ. ಒಟಿಪಿಯನ್ನು ಫೋನಿನ ಪುಟದಲ್ಲಿ ಹಾಕಿದ್ದರೆ ಮತ್ತೆ ಫೋನಿನ ಮ್ಯಾಕ್ ಪಟ್ಟಿಗೆ ಸೇರುತ್ತಿತ್ತೇ ಹೊರತು ಟಿವಿಯದಲ್ಲ. ಯಾವ ಯಂತ್ರ ಒಳಗೆ ಹೋಗಬೇಕೋ ಆ ಯಂತ್ರದ ಪರದೆಯಲ್ಲೇ ಒಟಿಪಿ ಬೀಳಬೇಕು.

ಯೂಟ್ಯೂಬ್ ತೆರೆಯಿತು. ಹುಡುಗರು ಹಾಡು ಹಾಕಿದರು. ನಾನು ಊಟ ಮಾಡಿ ಮನೆಗೆ ಬಂದೆ.

ಮರುದಿನ ಮತ್ತೆ ಫೋನು

"ಮಾಮ, ನಿಂತುಹೋಯ್ತು." ನಿಲ್ಲುವುದೇ ಸರಿ. ಲಾಗಿನ್ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ 24 ಗಂಟೆ ಎಂದಿತ್ತು. ಅವಧಿ ಮುಗಿದ ಕೂಡಲೇ ಗೇಟ್‌ವೇ ಪಟ್ಟಿಯಿಂದ ಟಿವಿಯ ಮ್ಯಾಕ್ ಅಳಿಸಿಹಾಕಿದೆ. ಎರಡು ದಿನದ ಹೋಟೆಲ್ ವಾಸಕ್ಕೆ ದಿನವೂ ಒಂದು ಒಟಿಪಿ ಸಹಿಸಬಹುದು. ವರ್ಷವಿಡೀ ಇರುವ ರೂಮಿಗೆ ಅದು ಆಗದ ಮಾತು.

ಹಾಸ್ಟೆಲ್ಲಿನಲ್ಲಿ ಇದಕ್ಕೆ ಸರಿಯಾದ ದಾರಿ, ಟಿವಿಯ ಮ್ಯಾಕ್ ಅಡ್ರೆಸ್ಸನ್ನು ಆಡಳಿತದವರ ಕೈಯಲ್ಲಿ ನೋಂದಾಯಿಸುವುದು. ನೆಟ್‌ವರ್ಕ್ ನೋಡಿಕೊಳ್ಳುವವರು ಇದನ್ನು ಮ್ಯಾಕ್ ಬೈಪಾಸ್ ಎನ್ನುತ್ತಾರೆ. ಪಟ್ಟಿಯಲ್ಲಿ ಒಮ್ಮೆ ಹಾಗೆ ಬರೆದರೆ ಟಿವಿಗೆ ಲಾಗಿನ್ ಪುಟವೇ ಬರುವುದಿಲ್ಲ, ನೇರ ಒಳಗೆ. ಕೆಲವು ಕಾಲೇಜು ಹಾಸ್ಟೆಲ್‌ಗಳಲ್ಲಿ ವಿದ್ಯಾರ್ಥಿಯೇ ಫೋನಿನಿಂದ ಲಾಗಿನ್ ಆಗಿ, My Devices ಎಂಬಂಥ ಪುಟದಲ್ಲಿ ಟಿವಿಯ ಮ್ಯಾಕ್ ಬರೆದು ಸೇರಿಸಬಹುದು. ಆ ಸೌಲಭ್ಯ ಇದೆಯೇ ಎಂದು ಮೊದಲು ಹುಡುಕಿ ನೋಡಿ. ಇಲ್ಲದಿದ್ದರೆ ಮ್ಯಾನೇಜರಿಗೋ ವಾರ್ಡನ್‌ಗೋ ಬರೆದು ಕೊಡಬೇಕು.

ನಮ್ಮ ಹುಡುಗ ಪಿಜಿ ಮ್ಯಾನೇಜರಿಗೆ ವಾಟ್ಸಾಪಿನಲ್ಲಿ ಮ್ಯಾಕ್ ಕಳಿಸಿದ. ಅವರು ಸೇರಿಸಿದೆವು ಎಂದರು. ಎರಡು ದಿನವಾದರೂ ಟಿವಿ ಓಡಲಿಲ್ಲ. ಅವನು ಕಳಿಸಿದ್ದು ಇದ್ದಲ್ಲಿಂದಲೇ ನಕಲು ಮಾಡಿದ ಸಂಖ್ಯೆ, ತಪ್ಪಿರಲಿಲ್ಲ. ಆದರೆ ಅದು ಕೇಬಲ್ಲಿನ ಮ್ಯಾಕ್! ಹಿಂದೆ ಕೇಬಲ್ ಚುಚ್ಚುವ ಕಿಂಡಿ ಇರುವ ಟಿವಿಗೆ ಎರಡು ಮ್ಯಾಕ್ ಇರುತ್ತವೆ, ಕೇಬಲ್ಲಿಗೆ ಒಂದು, ವೈಫೈಗೆ ಇನ್ನೊಂದು. ಗೂಗಲ್ ಟಿವಿಯಲ್ಲಿ Settings, System, About, Status ಎಂದು ಒಳಗೊಳಗೆ ಹೋದರೆ ಇವು ಕಾಣುತ್ತವೆ. Ethernet ಎಂದಿರುವುದನ್ನು ಬಿಟ್ಟು Wi-Fi MAC address ಎಂದಿರುವುದನ್ನೇ ಬರೆದುಕೊಳ್ಳಬೇಕು. ಅದು ಕಾಣುವುದು ಹೀಗೆ:

```
00:00:5E:00:53:2A
```

ಇದರಲ್ಲಿ ಬರುವುದು 0ಯಿಂದ 9ರವರೆಗಿನ ಅಂಕಿ, Aಯಿಂದ Fವರೆಗಿನ ಅಕ್ಷರ, ಅಷ್ಟೇ. O ಎಂಬ ಅಕ್ಷರ ಇದರಲ್ಲಿ ಇಲ್ಲವೇ ಇಲ್ಲ, ದುಂಡಗೆ ಕಂಡದ್ದೆಲ್ಲ ಸೊನ್ನೆ. B ಮತ್ತು 8 ಮಾತ್ರ ಕಣ್ಣಿಗೆ ಮೋಸ ಮಾಡುತ್ತವೆ. ಕೈಯಲ್ಲಿ ಬರೆದು ಕೊಡುವುದಕ್ಕಿಂತ ಟಿವಿ ಪರದೆಯ ಫೋಟೋ ತೆಗೆದು ಕಳಿಸುವುದು ಲೇಸು.

ಇನ್ನೊಂದು ಸೂಕ್ಷ್ಮ ಇದೆ. ಈಚಿನ ಫೋನುಗಳು ತಮ್ಮ ನಿಜವಾದ ಮ್ಯಾಕ್ ಬಿಟ್ಟುಕೊಡುವುದಿಲ್ಲ. ಮಾಲೀಕನ ಓಡಾಟವನ್ನು ಯಾರೂ ಹಿಂಬಾಲಿಸದಿರಲಿ ಎಂದು ಒಂದೊಂದು ವೈಫೈಗೆ ಒಂದೊಂದು ಹುಸಿ ಮ್ಯಾಕ್ ತೋರಿಸುತ್ತವೆ. ಆಂಡ್ರಾಯ್ಡ್ 10ರಿಂದ, ಐಫೋನಿನಲ್ಲಿ ಐಒಎಸ್ 14ರಿಂದ ಇದು ಬಂದಿದೆ. ಕೆಲವು ಗೂಗಲ್ ಟಿವಿ ಮತ್ತು ಟಿವಿ ಪೆಟ್ಟಿಗೆಗಳಲ್ಲೂ ಹೀಗೆ ಮಾಡುವ ಸೆಟ್ಟಿಂಗ್ ಇರುತ್ತದೆ. ನೀವು ನೋಂದಾಯಿಸಿದ್ದು ನಿಜದ ಮ್ಯಾಕ್, ಟಿವಿ ತೋರಿಸುತ್ತಿರುವುದು ಹುಸಿ ಮ್ಯಾಕ್ ಆದರೆ ಗೇಟ್‌ವೇ ಬಿಡುವುದಿಲ್ಲ. ಹುಸಿಯದನ್ನು ಗುರುತಿಸುವುದು ಸುಲಭ: ಎಡಗಡೆಯಿಂದ ಎರಡನೆಯ ಅಕ್ಷರ 2, 6, A ಅಥವಾ E ಆಗಿದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟದ್ದಲ್ಲ, ಯಂತ್ರ ತಾನೇ ಹುಟ್ಟಿಸಿಕೊಂಡದ್ದು. ಆಗ ಆ ವೈಫೈಯ ಸೆಟ್ಟಿಂಗಿನಲ್ಲಿ Privacy ಎಂಬಲ್ಲಿ Use device MAC ಎಂದು ಬದಲಿಸಿ, ಆ ಮ್ಯಾಕ್ ನೋಂದಾಯಿಸಬೇಕು.

ವೈಫೈ ಮ್ಯಾಕ್ ಕಳಿಸಿದ ಸಂಜೆಯೇ ಆ ರೂಮಿನ ಟಿವಿ ಓಡಿತು.

ಫೋನಿನ ಬೆನ್ನ ಹಿಂದೆ

ಎಲ್ಲ ಟಿವಿಯಲ್ಲೂ ಲಾಗಿನ್ ಪುಟ ತೆರೆಯುವುದಿಲ್ಲ. ಎಲ್ಲ ಮ್ಯಾನೇಜರುಗಳೂ ಮ್ಯಾಕ್ ಸೇರಿಸುವುದಿಲ್ಲ. ಒಂದೆರಡು ರಾತ್ರಿ ಹೋಟೆಲ್ಲಿನಲ್ಲಿ ಉಳಿಯುವವರು ಅದನ್ನೆಲ್ಲ ಕೇಳುತ್ತಾ ಕೂರಲೂ ಆಗದು. ಅಂಥವರಿಗೆ ಎರಡನೆಯ ದಾರಿ.

ನಿಮ್ಮ ಫೋನು ಹೋಟೆಲ್ಲಿನ ವೈಫೈಗೆ ಲಾಗಿನ್ ಆಗಿದೆ ಎನ್ನಿ. ಆ ವೈಫೈ ಆರಿಸದೆ ಹಾಗೆಯೇ ಫೋನಿನ ಹಾಟ್‌ಸ್ಪಾಟ್ ಹಾಕಿ, ಟಿವಿಯನ್ನು ಆ ಹಾಟ್‌ಸ್ಪಾಟಿಗೆ ಸೇರಿಸಿ. ಹೋಟೆಲ್ಲಿನ ಗೇಟ್‌ವೇಗೆ ಕಾಣುವುದು ಫೋನಿನ ಮ್ಯಾಕ್ ಒಂದೇ. ಹಿಂದೆ ನಿಂತಿರುವ ಟಿವಿಯ ಸುಳಿವೂ ಅದಕ್ಕೆ ಸಿಗುವುದಿಲ್ಲ. ಟಿವಿಯಲ್ಲಿ ಯಾವ ಪುಟವೂ ತೆರೆಯಬೇಕಿಲ್ಲ, ಮನೆಯ ವೈಫೈಯಂತೆ ಹಾಟ್‌ಸ್ಪಾಟ್ ಪಾಸ್‌ವರ್ಡ್ ಹಾಕಿದರೆ ಸಾಕು.

ಎಲ್ಲ ಫೋನಿಗೂ ಇದು ಬರುವುದಿಲ್ಲ. ವೈಫೈ ಪಡೆಯುತ್ತಲೇ ವೈಫೈ ಹಂಚುವ ಶಕ್ತಿ ಆ ಫೋನಿಗೆ ಇರಬೇಕು. ಸ್ಯಾಮ್ಸಂಗ್‌ನ ಹಲವು ಫೋನುಗಳಲ್ಲಿ ಹಾಟ್‌ಸ್ಪಾಟ್ ಸೆಟ್ಟಿಂಗಿನೊಳಗೆ Wi-Fi sharing ಎಂಬ ಹೆಸರಲ್ಲಿ ಇದು ಸಿಗುತ್ತದೆ. ಐಫೋನಿಗೆ ಈ ಶಕ್ತಿ ಇಲ್ಲ, ಅದು ಹಂಚುವುದು ಸಿಮ್ಮಿನ ಡೇಟಾವನ್ನು ಮಾತ್ರ. ನಿಮ್ಮ ಫೋನಿನದು ತಿಳಿಯಲು ಸುಲಭದ ಪರೀಕ್ಷೆ ಇದೆ. ವೈಫೈ ಹಾಕಿ, ನಂತರ ಹಾಟ್‌ಸ್ಪಾಟ್ ಒತ್ತಿ. ಮೇಲಿನ ಪಟ್ಟಿಯಲ್ಲಿ ವೈಫೈ ಗುರುತು ಮಾಯವಾದರೆ ಆ ಫೋನಿನಿಂದಾಗದು. ಎರಡೂ ಉಳಿದರೆ ಮೊಬೈಲ್ ಡೇಟಾ ಆರಿಸಿಬಿಡಿ. ಆಗಲೂ ಟಿವಿಯಲ್ಲಿ ವಿಡಿಯೋ ಓಡಿದರೆ ಅದು ಬರುತ್ತಿರುವುದು ಹೋಟೆಲ್ಲಿನ ವೈಫೈಯಿಂದಲೇ.

ಮೊಬೈಲ್ ಡೇಟಾ ಆರಿಸುವುದನ್ನು ಮರೆಯಬಾರದು. ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕದಲ್ಲಿ ಎಚ್‌ಡಿ ಗುಣಮಟ್ಟದ ಒಂದು ಗಂಟೆಗೆ 3 ಜಿಬಿವರೆಗೂ ಖರ್ಚಾಗುತ್ತದೆ. ದಿನಕ್ಕೆ ಒಂದೂವರೆ ಎರಡು ಜಿಬಿಯ ರೀಚಾರ್ಜ್ ಇರುವವರು ವೈಫೈಯಿಂದ ಬರುತ್ತಿದೆ ಎಂದುಕೊಂಡು ಸಿನಿಮಾ ಹಾಕಿದರೆ ಮಧ್ಯಂತರಕ್ಕೆ ಮೊದಲೇ ಡೇಟಾ ಮುಗಿದಿರುತ್ತದೆ.

ಇದರ ಮಿತಿಯೂ ಹೇಳಬೇಕು. ಹೆಚ್ಚಿನ ಫೋನುಗಳಲ್ಲಿ ಒಂದೇ ರೇಡಿಯೊ ಎರಡೂ ಕೆಲಸ ಮಾಡುತ್ತದೆ. ಒಂದು ಕೈಯಲ್ಲಿ ತೆಗೆದುಕೊಂಡು ಇನ್ನೊಂದು ಕೈಯಲ್ಲಿ ಕೊಡುವುದರಿಂದ ವೇಗ ಅರ್ಧದ ಹತ್ತಿರಕ್ಕೆ ಇಳಿಯಬಹುದು. ಫೋನು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಚಾರ್ಜರಿಗೆ ಹಾಕಿ ಟಿವಿಯ ಹತ್ತಿರ ಇಡಬೇಕು. ಮುಖ್ಯವಾಗಿ, ಫೋನು ಹಿಡಿದು ನೀವು ಹೊರಗೆ ಹೋದರೆ ಟಿವಿಯೂ ನಿಲ್ಲುತ್ತದೆ. ಒಂದು ಸಂಜೆಯ ಪಂದ್ಯಕ್ಕೆ ಸರಿ. ವರ್ಷವಿಡೀ ಇರುವ ಹಾಸ್ಟೆಲ್ ರೂಮಿಗೆ ನಾನು ಇದನ್ನು ಹೇಳುವುದಿಲ್ಲ.

ಅಮೆರಿಕದಲ್ಲಿ ಓದಲು ಹೋದ ನಮ್ಮ ಮಕ್ಕಳ ಹಾಸ್ಟೆಲ್‌ಗಳಲ್ಲಿ ರೋಕು ಎಂಬ ಟಿವಿ ಪೆಟ್ಟಿಗೆ ಸಾಮಾನ್ಯ. ಅದು ಈ ಸಮಸ್ಯೆ ಬಿಡಿಸುವ ರೀತಿ ನನಗೆ ತುಂಬಾ ಹಿಡಿಸಿದೆ. ವೈಫೈ ಸೇರಿಸುವಾಗ ನಾನು ಹೋಟೆಲ್ ಅಥವಾ ಕಾಲೇಜು ಹಾಸ್ಟೆಲ್ಲಿನಲ್ಲಿದ್ದೇನೆ ಎಂಬ ಆಯ್ಕೆ ಒತ್ತಿದರೆ, ರೋಕು ತಾನೇ ಒಂದು ತಾತ್ಕಾಲಿಕ ವೈಫೈ ಹುಟ್ಟಿಸಿ, ಅದರ ಹೆಸರು ಪಾಸ್‌ವರ್ಡ್‌ಗಳನ್ನು ಪರದೆಯಲ್ಲಿ ತೋರಿಸುತ್ತದೆ. ಫೋನನ್ನು ಅದಕ್ಕೆ ಸೇರಿಸಿದರೆ ಹಾಸ್ಟೆಲ್ಲಿನ ಲಾಗಿನ್ ಪುಟ ಫೋನಿನಲ್ಲಿ ತೆರೆಯುತ್ತದೆ. ಇಲ್ಲಿ ಫೋನು ಹಿಂದೆ, ರೋಕು ಮುಂದೆ. ಟೈಪ್ ಮಾಡುವುದು ಫೋನಿನಲ್ಲಿ, ಪಟ್ಟಿಗೆ ಸೇರುವುದು ರೋಕುವಿನ ಮ್ಯಾಕ್. ಕೆಲಸ ಮುಗಿದ ಮೇಲೆ ಫೋನು ತನ್ನ ದಾರಿ ಹಿಡಿದರೂ ಟಿವಿ ಓಡುತ್ತಿರುತ್ತದೆ. ಆಪಲ್ ಟಿವಿ ಪೆಟ್ಟಿಗೆಗೂ 2022ರಲ್ಲಿ ಬಂದ ಟಿವಿಒಎಸ್ 15.4ರಿಂದ, ಲಾಗಿನ್ ಕೆಲಸವನ್ನು ಪಕ್ಕದಲ್ಲಿರುವ ಐಫೋನಿಗೆ ಒಪ್ಪಿಸುವ ಸೌಲಭ್ಯ ಸೇರಿದೆ. ಎಲ್ಲ ಟಿವಿಗಳಲ್ಲೂ ಇದು ಬರಬೇಕಿತ್ತು.

ಇನ್ನೆರಡು ತೊಡಕು

ಟಿವಿಗೂ ಇಂಟರ್ನೆಟ್ ಬಂತು, ಫೋನಿಗೂ ಇದೆ, ಆದರೆ ಫೋನಿನಿಂದ ಟಿವಿಗೆ ಕಾಸ್ಟ್ ಮಾಡಲು ಹೋದರೆ ಟಿವಿಯ ಹೆಸರೇ ಕಾಣುವುದಿಲ್ಲ. ಇದು ಕೆಟ್ಟದ್ದಲ್ಲ, ಬೇಕೆಂದೇ ಮಾಡಿದ್ದು. ಇಂಥ ವೈಫೈಗಳಲ್ಲಿ ಒಂದು ರೂಮಿನ ಯಂತ್ರ ಇನ್ನೊಂದು ರೂಮಿನ ಯಂತ್ರವನ್ನು ನೋಡದಂತೆ ಗೋಡೆ ಹಾಕಿರುತ್ತಾರೆ. ಪಕ್ಕದ ರೂಮಿನವರು ನಿಮ್ಮ ಟಿವಿಗೆ ತಮ್ಮ ವಿಡಿಯೋ ಕಳಿಸಬಾರದಲ್ಲ. ಆ ಗೋಡೆ ನಿಮ್ಮದೇ ಫೋನು ಮತ್ತು ನಿಮ್ಮದೇ ಟಿವಿಯ ನಡುವೆಯೂ ಇರುತ್ತದೆ. ಫೋನನ್ನು ರಿಮೋಟ್ ಮಾಡಿಕೊಳ್ಳುವ ಆ್ಯಪ್ ಕೆಲಸ ಮಾಡದಿದ್ದರೆ ಅದಕ್ಕೂ ಇದೇ ಕಾರಣವಿರಬಹುದು. ಟಿವಿಯೊಳಗಿನ ಆ್ಯಪನ್ನೇ ತೆರೆದು ನೋಡುವುದು ಉತ್ತರ. ಫೋನಿನ ಹಾಟ್‌ಸ್ಪಾಟಿಗೆ ಟಿವಿ ಸೇರಿಸಿದ್ದರೆ ಈ ಗೋಡೆ ಅಡ್ಡ ಬರುವುದಿಲ್ಲ.

ಕಾಲೇಜುಗಳಲ್ಲಿ ಸಿಗುವ ಇನ್ನೊಂದು ಬಗೆಯ ವೈಫೈಯನ್ನು ಇದರೊಡನೆ ಬೆರೆಸಬಾರದು. ಅದು ಪುಟ ತೋರಿಸುವುದಿಲ್ಲ. ವೈಫೈ ಹೆಸರು ಒತ್ತಿದ ಕೂಡಲೇ ಪಾಸ್‌ವರ್ಡ್ ಒಂದನ್ನೇ ಕೇಳದೆ ಯೂಸರ್‌ನೇಮ್, ಪಾಸ್‌ವರ್ಡ್ ಎರಡನ್ನೂ ಕೇಳುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಕಾಣುವ eduroam ಈ ಜಾತಿಯದು, ಭಾರತದಲ್ಲಿ ಅದನ್ನು ಅರ್ನೆಟ್ ಸಂಸ್ಥೆ ನಡೆಸುತ್ತದೆ. ಇದರ ಕಾವಲು ಮೊದಲ ಬಾಗಿಲಲ್ಲೇ ಇದೆ. ಬಹಳಷ್ಟು ಟಿವಿಗಳಿಗೆ ಇಂಥ ವೈಫೈಯ ಭಾಷೆಯೇ ಬರುವುದಿಲ್ಲ, ಗಡಿಯಾರ ಸರಿಮಾಡಿದರೂ ಮೌಸ್ ಹಾಕಿದರೂ ಉಪಯೋಗವಿಲ್ಲ. ಟಿವಿಯಂಥ ಯಂತ್ರಗಳಿಗೆ ಬೇರೆ ವೈಫೈ ಇದೆಯೇ ಎಂದು ಕಂಪ್ಯೂಟರ್ ವಿಭಾಗದವರನ್ನು ಕೇಳಬೇಕು.

ಹೋಟೆಲ್ಲಿನ ಟಿವಿಯಲ್ಲಿ ನಿಮ್ಮ ಖಾತೆ ತೆರೆದಿದ್ದರೆ ರೂಮು ಬಿಡುವ ಮುಂಚೆ ಸೈನ್ ಔಟ್ ಮಾಡಿ. ಮರೆತು ಬಂದರೆ ನೆಟ್‌ಫ್ಲಿಕ್ಸ್‌ನಲ್ಲಿ ಫೋನಿನಿಂದಲೇ ಖಾತೆಯ ಪುಟಕ್ಕೆ ಹೋಗಿ ಆ ಯಂತ್ರವನ್ನು ಹೊರಹಾಕಬಹುದು.

ಪಿಜಿ, ಹಾಸ್ಟೆಲ್ ನಡೆಸುವವರಲ್ಲಿ ನನ್ನದೊಂದು ವಿನಂತಿ. ರೂಮಿಗೊಂದು ಟಿವಿಯ ಮ್ಯಾಕ್ ನೋಂದಾಯಿಸುವುದು ನಿಮ್ಮ ನೆಟ್‌ವರ್ಕ್ ನೋಡಿಕೊಳ್ಳುವವನಿಗೆ ಎರಡು ನಿಮಿಷದ ಕೆಲಸ. ಆ ಟಿವಿ ಯಾರ ಹೆಸರಲ್ಲಿದೆ ಎಂಬ ದಾಖಲೆಯೂ ನಿಮ್ಮಲ್ಲೇ ಉಳಿಯುತ್ತದೆ. ಅದನ್ನು ಮಾಡಿಕೊಡಿ. ಮಕ್ಕಳನ್ನು ಹಾಸ್ಟೆಲ್ಲಿಗೆ ಕಳಿಸುವ ತಂದೆತಾಯಿಯರು, ಟಿವಿಯನ್ನು ಡಬ್ಬಕ್ಕೆ ಹಾಕುವ ಮೊದಲು ಮನೆಯಲ್ಲೇ ಅದರ ವೈಫೈ ಮ್ಯಾಕ್ ನೋಡಿ, ಒಂದು ಚೀಟಿಯಲ್ಲಿ ಬರೆದು ಟಿವಿಯ ಬೆನ್ನಿಗೆ ಅಂಟಿಸಿಬಿಡಿ.